ಒಂದೇ ಖಾತೆಗೆ ಎರಡು ಬಾಗಿಲು

ಇನ್ನೂ ತೆರೆಯದೇ ಇರುವ ಖಾತೆಯನ್ನು ಕದಿಯಬಹುದೇ? ಅವಿನಾಶ್ ಸುಧೋದನನ್ ಮತ್ತು ಮೈಕ್ರೋಸಾಫ್ಟ್‌ನ ಆಂಡ್ರ್ಯೂ ಪಾವರ್ಡ್ ಎಂಬ ಇಬ್ಬರು ಭದ್ರತಾ ಸಂಶೋಧಕರು ಈ ಪ್ರಶ್ನೆಯ ಬೆನ್ನು ಹತ್ತಿ, ಹೆಸರುವಾಸಿಯಾದ 75 ಜಾಲಸೇವೆಗಳನ್ನು ಪರೀಕ್ಷಿಸಿದರು. 2022ರ ಯೂಸ್‌ನಿಕ್ಸ್ ಸೆಕ್ಯುರಿಟಿ ಸಮ್ಮೇಳನದಲ್ಲಿ ಅವರು ಕೊಟ್ಟ ಉತ್ತರ: ಕದಿಯಬಹುದು. 75ರಲ್ಲಿ ಕನಿಷ್ಠ 35 ಸೇವೆಗಳು ಇಂಥ ದಾಳಿಯ ಒಂದಲ್ಲ ಒಂದು ಬಗೆಗೆ ಒಡ್ಡಿಕೊಂಡಿದ್ದವು. ಡ್ರಾಪ್‌ಬಾಕ್ಸ್, ಇನ್‌ಸ್ಟಾಗ್ರಾಂ, ಲಿಂಕ್ಡ್‌ಇನ್, ಜೂಮ್‌ಗಳಂಥ ದೊಡ್ಡ ಹೆಸರುಗಳೂ ಆ ಪಟ್ಟಿಯಲ್ಲಿದ್ದವು. ಸಂಶೋಧಕರು ಈ ಲೋಪಗಳನ್ನು ಆಯಾ ಸಂಸ್ಥೆಗಳ ಗಮನಕ್ಕೆ ತಂದಿದ್ದರು.

ಈ ದಾಳಿಗಳಲ್ಲಿ ಹಲವು ಬೇರು ಬಿಡುವುದು ಒಂದೇ ಜಾಗದಲ್ಲಿ. ಇಂದು ಅನೇಕ ಜಾಲತಾಣಗಳು ಒಳಬರಲು ಎರಡು ದಾರಿ ಕೊಡುತ್ತವೆ. ಒಂದು, ಆ ತಾಣದ್ದೇ ಆದ ಇಮೇಲ್ ಮತ್ತು ಪಾಸ್‌ವರ್ಡ್. ಇನ್ನೊಂದು, ಗೂಗಲ್ ಖಾತೆಯಿಂದ ಸೈನ್ ಇನ್ ಆಗುವ ಗುಂಡಿ. ಬೇರೆ ಬೇರೆಯಾಗಿ ನೋಡಿದರೆ ಎರಡೂ ಗಟ್ಟಿಯಾಗಿಯೇ ಇರಬಹುದು. ತೊಂದರೆ ಇರುವುದು ಅವು ಕೂಡುವಲ್ಲಿ, ಅಂದರೆ ಪಾಸ್‌ವರ್ಡ್ ಹಿಡಿದು ಬಂದವರೂ ಗೂಗಲ್‌ನಿಂದ ಬಂದವರೂ ಒಬ್ಬರೇ ಎಂದು ತಾಣ ತೀರ್ಮಾನಿಸುವ ಗಳಿಗೆಯಲ್ಲಿ. ಒಂದೇ ಮನೆಗೆ ಎರಡು ಬಾಗಿಲು ಇಟ್ಟ ಹಾಗೆ ಇದು. ಮುಂಬಾಗಿಲಿಗೆ ಎಷ್ಟೇ ದೊಡ್ಡ ಬೀಗ ಜಡಿದರೂ ಹಿತ್ತಿಲ ಬಾಗಿಲಿನ ಚಿಲಕ ಎಷ್ಟು ಗಟ್ಟಿಯೋ ಮನೆಯೂ ಅಷ್ಟೇ ಭದ್ರ.

ಗುಂಡಿ ಒತ್ತಿದ ಮೇಲೆ

ಗೂಗಲ್ ಗುಂಡಿ ಒತ್ತಿದಾಗ ಬಳಕೆದಾರರ ಗೂಗಲ್ ಪಾಸ್‌ವರ್ಡ್ ಜಾಲತಾಣಕ್ಕೆ ಹೋಗುವುದಿಲ್ಲ. ಬ್ರೌಸರ್ ಗೂಗಲ್‌ನ ಪುಟಕ್ಕೆ ಹೋಗುತ್ತದೆ, ಗೂಗಲ್ ತನ್ನ ರೀತಿಯಲ್ಲಿ ಆ ವ್ಯಕ್ತಿಯನ್ನು ಗುರುತಿಸುತ್ತದೆ, ಆಮೇಲೆ ಒಂದು ಚಿಕ್ಕ ದಾಖಲೆಯನ್ನು ಸಿದ್ಧಪಡಿಸಿ ಜಾಲತಾಣಕ್ಕೆ ಒಪ್ಪಿಸುತ್ತದೆ. ಇದರ ಹೆಸರು ಐಡಿ ಟೋಕನ್. ಇದು ಹೇಗಿರಬೇಕು ಎಂಬುದನ್ನು 2014ರಲ್ಲಿ ಅಂತಿಮಗೊಂಡ ‘ಓಪನ್‌ಐಡಿ ಕನೆಕ್ಟ್’ ಎಂಬ ಮಾನದಂಡ ವಿವರಿಸುತ್ತದೆ. ಟೋಕನ್ನಿನ ಒಳಗಿನ ಭಾಗ ಸುಮಾರಾಗಿ ಹೀಗಿರುತ್ತದೆ:

```json
{
  "iss": "https://accounts.google.com",
  "aud": "1234-abcd.apps.googleusercontent.com",
  "sub": "100000000000000000001",
  "email": "suma@example.com",
  "email_verified": true,
  "iat": 1700000000,
  "exp": 1700003600
}
```

ಇದನ್ನು ಯಾರು ಬೇಕಾದರೂ ಓದಬಹುದು, ಇದರಲ್ಲಿ ಗುಟ್ಟು ಏನೂ ಇಲ್ಲ. ಇದರ ಬೆಲೆಯೆಲ್ಲ ಕೊನೆಗೆ ಅಂಟಿಕೊಂಡಿರುವ ಡಿಜಿಟಲ್ ಸಹಿಯಲ್ಲಿದೆ. ಗೂಗಲ್ ತನ್ನ ಖಾಸಗಿ ಕೀಲಿಯಿಂದ ಸಹಿ ಹಾಕಿರುತ್ತದೆ. ಅದಕ್ಕೆ ಜೋಡಿಯಾದ ಸಾರ್ವಜನಿಕ ಕೀಲಿಯನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸಿರುತ್ತದೆ. ಜಾಲತಾಣದ ಸರ್ವರ್ ಆ ಕೀಲಿಯನ್ನು ತಂದು ಸಹಿ ಸರಿಯೇ ಎಂದು ಲೆಕ್ಕ ಹಾಕಿ ನೋಡಬೇಕು. ಟೋಕನ್ನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದ್ದರೂ ಲೆಕ್ಕ ತಾಳೆಯಾಗುವುದಿಲ್ಲ.

ಸಹಿಯೊಂದೇ ಸಾಲದು. `iss` ಗೂಗಲ್‌ನದ್ದೇ ಆಗಿರಬೇಕು. `exp` ಹೇಳುವ ಗಡುವು ಮುಗಿದಿರಬಾರದು. ಮೇಲಿನ ಉದಾಹರಣೆಯಲ್ಲಿ ಟೋಕನ್ ಹುಟ್ಟಿದ್ದಕ್ಕೂ ಸಾಯುವುದಕ್ಕೂ ನಡುವೆ 3600 ಸೆಕೆಂಡು, ಅಂದರೆ ಒಂದು ಗಂಟೆ ಇದೆ. ಇವೆರಡನ್ನೂ ಸಾಮಾನ್ಯವಾಗಿ ಯಾರೂ ಮರೆಯುವುದಿಲ್ಲ. ಅವಸರದ ಕೆಲಸದಲ್ಲಿ ಬಿಟ್ಟುಹೋಗುವುದು `aud`. ಈ ಟೋಕನ್ ಯಾವ ಜಾಲತಾಣಕ್ಕಾಗಿ ಹೊರಟಿತು ಎಂಬುದನ್ನು ಅದು ಹೇಳುತ್ತದೆ. ಇದನ್ನು ನೋಡದೇ ಹೋದರೆ ಏನಾಗುತ್ತದೆ? ಯಾರೋ ಒಬ್ಬರು ಒಂದು ಪುಟ್ಟ ಆಟದ ತಾಣ ಕಟ್ಟಿ, ಅಲ್ಲಿಗೆ ಗೂಗಲ್ ಮೂಲಕ ಬಂದವರ ಟೋಕನ್‌ಗಳನ್ನು ಕೂಡಿಹಾಕಿ, ಅವನ್ನೇ ಇನ್ನೊಂದು ತಾಣದ ಮುಂದೆ ಹಿಡಿಯಬಹುದು. ಸಹಿ ಅಸಲಿ, ಗಡುವು ಮುಗಿದಿಲ್ಲ, ಆದರೆ ಟೋಕನ್ ಬೇರೆ ವಿಳಾಸದ್ದು. `aud` ತನ್ನದಲ್ಲದ ಟೋಕನ್ನನ್ನು ಸರ್ವರ್ ತಿರಸ್ಕರಿಸಲೇಬೇಕು.

ಇಮೇಲ್ ಗುರುತಲ್ಲ, ವಿಳಾಸ

ಇಷ್ಟೆಲ್ಲ ಪರೀಕ್ಷೆ ಮುಗಿದ ಮೇಲೆ ಜಾಲತಾಣ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು: ಈ ಟೋಕನ್ ತನ್ನಲ್ಲಿರುವ ಯಾವ ಖಾತೆಗೆ ಸೇರಿದ್ದು? ಕಣ್ಣಿಗೆ ಮೊದಲು ಬೀಳುವುದು `email`. ಬಳಕೆದಾರರ ಪಟ್ಟಿಯಲ್ಲಿ ಆ ಇಮೇಲ್ ಹುಡುಕಿದರೆ ಆಯಿತಲ್ಲ ಎನಿಸುತ್ತದೆ. ಗೂಗಲ್ ತನ್ನ ದಸ್ತಾವೇಜಿನಲ್ಲೇ ಹಾಗೆ ಮಾಡಬೇಡಿ ಎಂದು ಹೇಳುತ್ತದೆ. ಒಬ್ಬರ ಇಮೇಲ್ ಮುಂದೆ ಬದಲಾಗಬಹುದು, ಒಂದು ಇಮೇಲ್ ಒಬ್ಬರಿಂದ ಇನ್ನೊಬ್ಬರ ಕೈಗೆ ಹೋಗಬಹುದು. ಒಂದು ಕಚೇರಿಯಲ್ಲಿ `accounts@` ಎಂಬ ವಿಳಾಸ ಈ ವರ್ಷ ಒಬ್ಬ ಗುಮಾಸ್ತರದ್ದು, ಬರುವ ವರ್ಷ ಬೇರೆಯವರದ್ದು.

ಬದಲಾಗದೇ ಉಳಿಯುವುದು `sub`. ಅದು ಪ್ರತಿ ಗೂಗಲ್ ಖಾತೆಗೂ ಒಂದೊಂದು, ಒಮ್ಮೆ ಕೊಟ್ಟದ್ದನ್ನು ಮತ್ತೆ ಯಾರಿಗೂ ಕೊಡುವುದಿಲ್ಲ. ಆದ್ದರಿಂದ ಖಾತೆಗೂ ಗೂಗಲ್‌ಗೂ ಇರುವ ನಂಟನ್ನು ತಾಣವು ಪ್ರತ್ಯೇಕ ಕೋಷ್ಟಕದಲ್ಲಿ ಇಡುವುದು ರೂಢಿ:

```sql
CREATE TABLE identities (
  user_id  BIGINT NOT NULL REFERENCES users(id),
  issuer   TEXT   NOT NULL,
  subject  TEXT   NOT NULL,
  PRIMARY KEY (issuer, subject)
);
```

`users` ಕೋಷ್ಟಕದಲ್ಲಿ ವ್ಯಕ್ತಿಯ ಹೆಸರು, ಸಂಪರ್ಕದ ಇಮೇಲ್, ಆ ಇಮೇಲ್ ದೃಢಪಟ್ಟಿದೆಯೇ ಎಂಬ ಗುರುತು, ಪಾಸ್‌ವರ್ಡ್‌ನ ಹ್ಯಾಶ್ ಇರುತ್ತವೆ. ಗೂಗಲ್ ಮೂಲಕವೇ ಹುಟ್ಟಿದ ಖಾತೆಯಲ್ಲಿ ಹ್ಯಾಶ್‌ನ ಜಾಗ ಖಾಲಿ. `identities` ಕೋಷ್ಟಕದಲ್ಲಿ ಆ ಖಾತೆಗೆ ಯಾವ ಯಾವ ಹೊರಗಿನ ಗುರುತುಗಳು ಜೋಡಣೆಯಾಗಿವೆ ಎಂಬ ಲೆಕ್ಕ. ಗೂಗಲ್ ಟೋಕನ್ ಬಂದಾಗ ಹುಡುಕಾಟ ಮೊದಲು ನಡೆಯಬೇಕಾದದ್ದು ಈ ಎರಡನೆಯ ಕೋಷ್ಟಕದಲ್ಲಿ. ಅಲ್ಲಿ `sub` ಸಿಕ್ಕಿತೋ, ಇಮೇಲ್ ಏನೇ ಇರಲಿ, ಆ ಖಾತೆಯ ಬಾಗಿಲು ತೆರೆಯುತ್ತದೆ. ಸಿಗಲಿಲ್ಲವೋ, ಅದು ಹೊಸ ಗುರುತು. ಕಥೆ ಶುರುವಾಗುವುದು ಆಮೇಲೆ.

ಸುಮಾ ಬರುವ ಮೊದಲೇ

ಸುಮಾ ಎಂಬವರು ಪುಸ್ತಕ ಮಾರುವ ಒಂದು ಜಾಲತಾಣಕ್ಕೆ ಇನ್ನೂ ಕಾಲಿಟ್ಟಿಲ್ಲ ಎಂದಿಟ್ಟುಕೊಳ್ಳೋಣ. ಅವರ ಇಮೇಲ್ `suma@example.com` ಎಂಬುದು ಒಬ್ಬ ಕಿಡಿಗೇಡಿಗೆ ಗೊತ್ತು. ಅವನು ಆ ತಾಣಕ್ಕೆ ಹೋಗಿ ಸುಮಾ ಅವರ ಇಮೇಲ್ ಕೊಟ್ಟು, ತನಗೆ ಬೇಕಾದ ಪಾಸ್‌ವರ್ಡ್ ಇಟ್ಟು ಖಾತೆ ತೆರೆಯುತ್ತಾನೆ. ತಾಣ ದೃಢೀಕರಣದ ಮೇಲ್ ಕಳಿಸುತ್ತದೆ. ಅದು ಹೋಗುವುದು ಸುಮಾ ಅವರ ಅಂಚೆಪೆಟ್ಟಿಗೆಗೆ. ತಾವು ಕೇಳದ ಮೇಲ್ ಎಂದು ಅವರು ಅಳಿಸಿಬಿಡುತ್ತಾರೆ. ತಾಣದಲ್ಲಿ ಖಾತೆ ಮಾತ್ರ ಉಳಿದಿದೆ, ಇಮೇಲ್ ದೃಢಪಡದ ಸ್ಥಿತಿಯಲ್ಲಿ.

ಮೂರು ತಿಂಗಳ ಬಳಿಕ ಸುಮಾ ಅವರಿಗೆ ಒಂದು ಪುಸ್ತಕ ಬೇಕಾಗುತ್ತದೆ. ತಾಣಕ್ಕೆ ಬಂದು ಗೂಗಲ್ ಗುಂಡಿ ಒತ್ತುತ್ತಾರೆ. `sub` ಹೊಸದು. ಆದರೆ ಇಮೇಲ್ ಈಗಾಗಲೇ ಒಂದು ಖಾತೆಯಲ್ಲಿದೆ. ಬಳಕೆದಾರರಿಗೆ ಅನುಕೂಲವಾಗಲೆಂದು ತಾಣದ ತಂತ್ರಾಂಶ ಎರಡನ್ನೂ ತಾನಾಗಿಯೇ ಬೆಸೆಯುತ್ತದೆ. ಸುಮಾ ಅವರಿಗೆ ಏನೂ ಗೊತ್ತಾಗುವುದಿಲ್ಲ. ಮನೆ ವಿಳಾಸ ತುಂಬುತ್ತಾರೆ, ಫೋನ್ ನಂಬರ್ ಕೊಡುತ್ತಾರೆ, ಕಾರ್ಡ್ ಉಳಿಸುತ್ತಾರೆ. ಕಿಡಿಗೇಡಿ ಇಟ್ಟ ಪಾಸ್‌ವರ್ಡ್ ಹಾಗೇ ಇದೆ. ಅವನು ಯಾವಾಗ ಬೇಕಾದರೂ ಅದೇ ಖಾತೆಗೆ ಇನ್ನೊಂದು ಬಾಗಿಲಿನಿಂದ ಬರಬಹುದು. ಸುಧೋದನನ್ ಮತ್ತು ಪಾವರ್ಡ್ ಗುರುತಿಸಿದ ಐದು ಬಗೆಯ ದಾಳಿಗಳಲ್ಲಿ ಇದೇ ಮೊದಲನೆಯದು.

ಇದರ ಪ್ರತಿಬಿಂಬದಂಥ ಇನ್ನೊಂದು ದಾಳಿಯೂ ಇದೆ. ಕಿಡಿಗೇಡಿ ಸುಮಾ ಅವರ ಇಮೇಲ್‌ನಲ್ಲಿ ಖಾತೆ ತೆರೆದ ಮೇಲೆ, ಅದಕ್ಕೆ ತನ್ನದೇ ಗೂಗಲ್ ಖಾತೆಯನ್ನು ಜೋಡಿಸಿಡುತ್ತಾನೆ. ಸುಮಾ ಮುಂದೆ ಪಾಸ್‌ವರ್ಡ್ ಇಟ್ಟು ನೋಂದಾಯಿಸಲು ಬಂದಾಗ ‘ಈ ಇಮೇಲ್‌ಗೆ ಖಾತೆ ಇದೆ’ ಎಂಬ ಉತ್ತರ ಬರುತ್ತದೆ. ಹಿಂದೆಂದೋ ತೆರೆದು ಮರೆತಿರಬೇಕು ಅಂದುಕೊಂಡು ಅವರು ಪಾಸ್‌ವರ್ಡ್ ಮರುಹೊಂದಿಸುತ್ತಾರೆ. ಕಿಡಿಗೇಡಿಯ ಪಾಸ್‌ವರ್ಡ್ ಅಲ್ಲಿಗೆ ಸತ್ತಿತು, ನಿಜ. ಆದರೆ ಅವನ `sub` ಕೋಷ್ಟಕದಲ್ಲಿ ಕೂತಿದೆ. ಅವನು ಗೂಗಲ್ ಗುಂಡಿ ಒತ್ತಿ ನೇರ ಒಳಗೆ ಬರುತ್ತಾನೆ.

ಎರಡರಲ್ಲೂ ತಪ್ಪು ಒಂದೇ. ಇಮೇಲ್ ತನ್ನದೆಂದು ರುಜುವಾತು ಮಾಡದ ವ್ಯಕ್ತಿಗೆ ತಾಣವು ಖಾತೆಯ ಮೇಲೆ ಅಧಿಕಾರ ಕೊಟ್ಟಿತು, ಆ ಅಧಿಕಾರವನ್ನು ಮುಂದೆ ಹಿಂತೆಗೆದುಕೊಳ್ಳಲೂ ಇಲ್ಲ.

ಜೋಡಿಸುವ ಮುನ್ನ ಕೇಳಬೇಕಾದದ್ದು

ಸರಿಯಾದ ಕ್ರಮ ಕಷ್ಟದ್ದೇನಲ್ಲ, ಆದರೆ ಕವಲುಗಳನ್ನು ತಾಳ್ಮೆಯಿಂದ ಬಿಡಿಸಿಕೊಳ್ಳಬೇಕು. ಹೊಸ `sub` ಬಂದಿದೆ, ಅದರ ಇಮೇಲ್ ಯಾವ ಖಾತೆಯಲ್ಲೂ ಇಲ್ಲ ಎಂದಾದರೆ ಹೊಸ ಖಾತೆ ತೆರೆದರಾಯಿತು. ಇಮೇಲ್ ಇದೆ, ಆದರೆ ಆ ಹಳೆಯ ಖಾತೆಯಲ್ಲಿ ಅದು ದೃಢಪಟ್ಟಿಲ್ಲ ಎಂದಾದರೆ ಹಳೆಯದನ್ನು ನಂಬಬಾರದು. ಅದರ ಪಾಸ್‌ವರ್ಡ್ ಇಟ್ಟವರು ಯಾರೋ ತಿಳಿಯದು. ಬಂದವರು ಇಮೇಲ್ ತಮ್ಮದೆಂದು ತೋರಿಸಿದ ಮೇಲೆ ಆ ಖಾತೆಯ ಪಾಸ್‌ವರ್ಡ್, ತೆರೆದಿರುವ ಸೆಷನ್‌ಗಳು, ಜೋಡಿಸಿದ ಗುರುತುಗಳು ಎಲ್ಲವನ್ನೂ ಅಳಿಸಬೇಕು. ಇಲ್ಲವೇ ದೃಢಪಡದ ಖಾತೆಗಳನ್ನು ಕೆಲವು ದಿನಗಳಲ್ಲೇ ತೆಗೆದುಹಾಕುವ ನಿಯಮ ಇಟ್ಟುಕೊಳ್ಳಬೇಕು. ಆಗ ಮೂರು ತಿಂಗಳು ಹೊಂಚು ಹಾಕಲು ಯಾರಿಗೂ ಜಾಗವೇ ಇರುವುದಿಲ್ಲ.

ಹಳೆಯ ಖಾತೆಯಲ್ಲಿ ಇಮೇಲ್ ದೃಢಪಟ್ಟಿದೆ ಎಂಬುದು ಮೂರನೆಯ ಕವಲು, ದಿನನಿತ್ಯ ಎದುರಾಗುವುದೂ ಇದೇ. ಪಾಸ್‌ವರ್ಡ್ ಮರೆತವರು, ಬೇಗ ಮುಗಿಯಲಿ ಎನ್ನುವವರು ಗೂಗಲ್ ಗುಂಡಿ ಒತ್ತುತ್ತಾರೆ. ಇಲ್ಲಿ ತಾಣ ಒಂದು ಪುಟ ತೋರಿಸಬೇಕು: ‘ಈ ಇಮೇಲ್‌ಗೆ ಈಗಾಗಲೇ ಖಾತೆ ಇದೆ. ಗೂಗಲ್ ಅನ್ನು ಅದಕ್ಕೆ ಜೋಡಿಸಲು ಒಮ್ಮೆ ಪಾಸ್‌ವರ್ಡ್ ಕೊಡಿ, ಅಥವಾ ಇಮೇಲ್‌ಗೆ ಕಳಿಸಿದ ಕೊಂಡಿ ಒತ್ತಿ.’ ಎರಡರಲ್ಲಿ ಒಂದು ನೆರವೇರಿದರೆ ಎರಡೂ ಬಾಗಿಲಿನ ಕೀಲಿ ಒಬ್ಬರ ಕೈಯಲ್ಲೇ ಇದೆ ಎಂದಾಯಿತು. ಆಗ `identities` ಕೋಷ್ಟಕದಲ್ಲಿ ಒಂದು ಸಾಲು ಸೇರಿಸಿ, ಹೊಸ ದಾರಿ ಜೋಡಣೆಯಾಗಿದೆ ಎಂದು ಖಾತೆಯ ಇಮೇಲ್‌ಗೆ ಸುದ್ದಿ ಕಳಿಸಬೇಕು. ಈ ಒಂದು ಹೆಜ್ಜೆ ಇಡೀ ಖಾತೆಯ ಬಾಳಿಕೆಯಲ್ಲಿ ಒಮ್ಮೆ ಮಾತ್ರ ಬರುತ್ತದೆ. ಮುಂದಿನ ಸಲದಿಂದ `sub` ಸಾಕು.

ಗೂಗಲ್ ಟೋಕನ್ನಿನಲ್ಲೇ `email_verified` ನಿಜ ಎಂದು ಬರೆದಿರುವಾಗ ಮತ್ತೆ ಕೊಂಡಿ ಯಾಕೆ ಎಂದು ಯಾರಾದರೂ ಕೇಳಬಹುದು. ಆ ಮಾತಿನ ತೂಕ ಎಲ್ಲ ಇಮೇಲ್‌ಗಳಿಗೂ ಒಂದೇ ಅಲ್ಲ. ವಿಳಾಸ `@gmail.com` ಎಂದು ಕೊನೆಯಾದರೆ ಅದರ ಒಡೆತನ ಹೇಳಲು ಗೂಗಲ್‌ಗಿಂತ ಬಲ್ಲವರಿಲ್ಲ, ಅಂಚೆಪೆಟ್ಟಿಗೆ ಇರುವುದೇ ಅದರ ಬಳಿ. `email_verified` ಜೊತೆಗೆ `hd` ಎಂಬ ಇನ್ನೊಂದು ಸಾಲೂ ಇದ್ದರೆ ಅದು ಒಂದು ಸಂಸ್ಥೆಯ ವರ್ಕ್‌ಸ್ಪೇಸ್ ಖಾತೆ. ಅಲ್ಲಿಯೂ ಗೂಗಲ್‌ನ ಮಾತಿಗೆ ಅಧಿಕಾರವಿದೆ. ಇವೆರಡೂ ಅಲ್ಲದೆ ಬೇರೆ ಕಂಪನಿಯ ಇಮೇಲ್ ಕೊಟ್ಟು ತೆರೆದ ಗೂಗಲ್ ಖಾತೆಯಾದರೆ, ಅದನ್ನು ತೆರೆದ ದಿನ ಗೂಗಲ್ ಒಂದು ಮೇಲ್ ಕಳಿಸಿ ದೃಢಪಡಿಸಿಕೊಂಡಿತ್ತು ಅಷ್ಟೇ. ಆ ಅಂಚೆಪೆಟ್ಟಿಗೆ ಇಂದು ಯಾರ ಕೈಯಲ್ಲಿದೆ ಎಂಬುದು ಅದಕ್ಕೆ ತಿಳಿಯದು. ಸುಮಾ ಅವರ ವಿಳಾಸ ಈ ಮೂರನೆಯ ಗುಂಪಿನದು. ಆದ್ದರಿಂದ ತಾಣ ತಾನೇ ಮತ್ತೊಮ್ಮೆ ಪರೀಕ್ಷಿಸಬೇಕು.

ಈ ಎಚ್ಚರ ಬರೀ ಪುಸ್ತಕದ ಮಾತಲ್ಲ. 2024ರ ಜುಲೈನಲ್ಲಿ ಗೂಗಲ್ ವರ್ಕ್‌ಸ್ಪೇಸ್‌ನ ನೋಂದಣಿಯಲ್ಲಿ ಒಂದು ಲೋಪ ಹೊರಬಿತ್ತು. ಇಮೇಲ್ ದೃಢೀಕರಣದ ಹಂತವನ್ನು ತಪ್ಪಿಸಿಕೊಂಡು ಬೇರೆಯವರ ವಿಳಾಸದ ಹೆಸರಿನಲ್ಲಿ ಗೂಗಲ್ ಖಾತೆ ತೆರೆಯಲು ಕೆಲವರಿಗೆ ಸಾಧ್ಯವಾಗಿತ್ತು. ಅವರ ಗುರಿ ಗೂಗಲ್ ಆಗಿರಲಿಲ್ಲ. ಆ ಖಾತೆ ಹಿಡಿದು ಗೂಗಲ್ ಗುಂಡಿ ಇರುವ ಬೇರೆ ತಾಣಗಳಿಗೆ ಆ ವಿಳಾಸದ ನಿಜವಾದ ಒಡೆಯರಂತೆ ನುಗ್ಗುವುದು ಅವರ ಉದ್ದೇಶವಾಗಿತ್ತು. ಕೆಲವು ಸಾವಿರ ಖಾತೆಗಳು ಹೀಗೆ ಹುಟ್ಟಿದ್ದವು ಎಂದು ಗೂಗಲ್ ಹೇಳಿತು, ಲೋಪ ಪತ್ತೆಯಾದ 72 ಗಂಟೆಯೊಳಗೆ ಸರಿಪಡಿಸಿದ್ದಾಗಿಯೂ ತಿಳಿಸಿತು. ಇಮೇಲ್ ನೋಡಿ ತಾನಾಗಿಯೇ ಬೆಸೆಯುವ ತಾಣಗಳಿಗೆ ಇಂಥ ಸಂದರ್ಭದಲ್ಲಿ ರಕ್ಷಣೆಯೇ ಇಲ್ಲ. ಪಾಸ್‌ವರ್ಡ್ ಕೇಳಿ ಅಥವಾ ತನ್ನದೇ ಕೊಂಡಿ ಕಳಿಸಿ ಜೋಡಿಸುವ ತಾಣದಲ್ಲಿ ಆ ನಕಲಿ ಖಾತೆ ಹೊಸ್ತಿಲಲ್ಲೇ ನಿಲ್ಲುತ್ತಿತ್ತು.

ಪಾಸ್‌ವರ್ಡ್ ಇಲ್ಲದವರು ‘ಪಾಸ್‌ವರ್ಡ್ ಮರೆತೆ’ ಎಂದಾಗ

ಇನ್ನು ಮರಳಿ ಪಡೆಯುವ ವಿಚಾರ. ಗೂಗಲ್ ಮೂಲಕ ಖಾತೆ ತೆರೆದವರು ಒಂದು ವರ್ಷದ ನಂತರ ಬಂದಾಗ ಯಾವ ದಾರಿಯಲ್ಲಿ ಬಂದಿದ್ದೆವು ಎಂಬುದನ್ನೇ ಮರೆತಿರುತ್ತಾರೆ. ಇಮೇಲ್ ಬರೆಯುತ್ತಾರೆ, ನೆನಪಿಗೆ ಬಂದ ಪಾಸ್‌ವರ್ಡ್‌ಗಳನ್ನೆಲ್ಲ ಹಾಕಿ ನೋಡುತ್ತಾರೆ, ಕೊನೆಗೆ ‘ಪಾಸ್‌ವರ್ಡ್ ಮರೆತಿರಾ?’ ಒತ್ತುತ್ತಾರೆ. ಅವರಿಗೆ ಪಾಸ್‌ವರ್ಡ್ ಇರಲೇ ಇಲ್ಲ.

ಇಲ್ಲಿ ತಾಣಗಳು ಎರಡು ಬಗೆಯಲ್ಲಿ ಎಡವುತ್ತವೆ. ಕೆಲವು ತಾಣಗಳಲ್ಲಿ ಹ್ಯಾಶ್ ಖಾಲಿ ಇರುವ ಖಾತೆಗೆ ಮೇಲ್ ಹೋಗುವುದೇ ಇಲ್ಲ. ಪಾಪ, ಆ ಮನುಷ್ಯರು ಕಾಯುತ್ತಾ ಕೂರುತ್ತಾರೆ. ಇನ್ನು ಕೆಲವು ತೆರೆಯ ಮೇಲೆಯೇ ‘ಈ ಖಾತೆ ಗೂಗಲ್‌ಗೆ ಜೋಡಣೆಯಾಗಿದೆ’ ಎಂದು ಬರೆಯುತ್ತವೆ. ಇದು ಸಹಾಯದಂತೆ ಕಂಡರೂ, ಯಾರದೇ ಇಮೇಲ್ ಹಾಕಿ ಅವರಿಗೆ ಅಲ್ಲಿ ಖಾತೆ ಇದೆಯೇ, ಯಾವ ದಾರಿಯದು ಎಂದು ತಿಳಿಯುವ ಸೌಲಭ್ಯವನ್ನು ದಾರಿಹೋಕರಿಗೂ ಕೊಡುತ್ತದೆ. ಆರೋಗ್ಯ ಸೇವೆಯ ಅಥವಾ ವಿವಾಹ ಸಂಬಂಧದ ತಾಣವಾದರೆ ಖಾತೆ ಇದೆ ಎಂಬ ಸಂಗತಿಯೇ ಖಾಸಗಿ ವಿಷಯ. ತೆರೆಯ ಮೇಲೆ ಎಲ್ಲರಿಗೂ ಒಂದೇ ಮಾತು ಕಾಣಬೇಕು: ‘ಈ ಇಮೇಲ್‌ಗೆ ಖಾತೆ ಇದ್ದರೆ ಸೂಚನೆ ಕಳಿಸಿದ್ದೇವೆ.’ ವಿವರ ಇರಬೇಕಾದದ್ದು ಮೇಲ್‌ನ ಒಳಗೆ. ‘ನೀವು ಗೂಗಲ್ ಮೂಲಕ ಈ ಖಾತೆ ತೆರೆದಿದ್ದೀರಿ. ಅದೇ ಗುಂಡಿ ಒತ್ತಿ ಬನ್ನಿ. ಪಾಸ್‌ವರ್ಡ್ ಕೂಡ ಬೇಕಿದ್ದರೆ ಈ ಕೊಂಡಿಯಿಂದ ಇಟ್ಟುಕೊಳ್ಳಿ.’ ಆ ಕೊಂಡಿ ಊಹಿಸಲಾಗದಷ್ಟು ಉದ್ದದ ಯಾದೃಚ್ಛಿಕ ಸಂಕೇತವನ್ನು ಹೊತ್ತಿರಬೇಕು, ಒಮ್ಮೆ ಬಳಸಿದ ಕೂಡಲೇ ಸಾಯಬೇಕು, ಬಳಸದಿದ್ದರೂ ಅಲ್ಪಕಾಲದಲ್ಲೇ ಸಾಯಬೇಕು.

ಪಾಸ್‌ವರ್ಡ್ ಮರುಹೊಂದಿಸಿದ ಕ್ಷಣ ತಾಣಕ್ಕೆ ಶುಚಿ ಮಾಡುವ ಒಳ್ಳೆಯ ಅವಕಾಶವೂ ಹೌದು. ಮರುಹೊಂದಿಸುವವರಲ್ಲಿ ಕೆಲವರು ನಿಜಕ್ಕೂ ಮರೆತವರು, ಕೆಲವರು ಖಾತೆಯಲ್ಲಿ ಬೇರೆ ಯಾರೋ ಇದ್ದಾರೆ ಎಂಬ ಅನುಮಾನದವರು. ಹಾಗಾಗಿ ಎಲ್ಲ ಸಾಧನಗಳಲ್ಲಿ ತೆರೆದಿರುವ ಸೆಷನ್‌ಗಳನ್ನು ಮುಚ್ಚಬೇಕು. ಅರ್ಧಕ್ಕೆ ನಿಂತಿರುವ ಇಮೇಲ್ ಬದಲಾವಣೆಯ ಕೋರಿಕೆಗಳನ್ನು ರದ್ದು ಮಾಡಬೇಕು. ಜೋಡಣೆಯಾಗಿರುವ ಗೂಗಲ್ ಖಾತೆ, ಫೋನ್ ನಂಬರ್ ಎಲ್ಲವನ್ನೂ ಪಟ್ಟಿ ಮಾಡಿ ತೋರಿಸಿ, ‘ಇವೆಲ್ಲ ನಿಮ್ಮದೇ?’ ಎಂದು ಕೇಳಬೇಕು. ಸುಮಾ ಅವರ ಎರಡನೆಯ ಕಥೆಯಲ್ಲಿ ಈ ಪಟ್ಟಿ ಕಂಡಿದ್ದರೆ ಪರಕೀಯ ಗೂಗಲ್ ಖಾತೆ ಆಗಲೇ ಸಿಕ್ಕಿಬೀಳುತ್ತಿತ್ತು.

ಎರಡೂ ಬಾಗಿಲು ಒಟ್ಟಿಗೆ ಮುಚ್ಚಿದರೆ

ಪಾಸ್‌ವರ್ಡ್ ಮತ್ತು ಗೂಗಲ್ ಎರಡನ್ನೂ ಇಟ್ಟುಕೊಂಡವರು ಒಂದು ಹೋದರೆ ಇನ್ನೊಂದು ಇದೆ ಎಂದು ನೆಮ್ಮದಿಯಿಂದಿರುತ್ತಾರೆ. ಇಮೇಲ್ ಜಿಮೇಲ್ ಆಗಿದ್ದರೆ ಆ ಲೆಕ್ಕ ತಪ್ಪುತ್ತದೆ. ಪಾಸ್‌ವರ್ಡ್ ಮರೆತಾಗ ಕೊಂಡಿ ಬರುವುದು ಜಿಮೇಲ್‌ಗೆ. ಗೂಗಲ್ ಗುಂಡಿ ನಿಂತಿರುವುದೂ ಅದೇ ಗೂಗಲ್ ಖಾತೆಯ ಮೇಲೆ. ಅದು ಕೈತಪ್ಪಿತೋ, ಪಾಸ್‌ವರ್ಡ್ ನೆನಪಿಲ್ಲದವರಿಗೆ ಎರಡೂ ದಾರಿ ಒಟ್ಟಿಗೆ ಮುಚ್ಚಿಹೋಗುತ್ತವೆ.

ಗೂಗಲ್ ಖಾತೆ ಕೈತಪ್ಪಲು ಕಳ್ಳರೇ ಬೇಕೆಂದಿಲ್ಲ. ಎರಡು ವರ್ಷ ಬಳಸದೇ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ನೀತಿಯನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಕಾಲೇಜು ಕೊಟ್ಟ ಖಾತೆ ಪದವಿ ಮುಗಿದ ಮೇಲೆ ನಿಲ್ಲಬಹುದು, ಕಚೇರಿಯ ಖಾತೆ ಕೆಲಸ ಬಿಟ್ಟ ದಿನವೇ ನಿಲ್ಲುತ್ತದೆ. ಕಾಲೇಜಿನ ಇಮೇಲ್ ಹಿಡಿದು ಗೂಗಲ್ ಗುಂಡಿಯಿಂದ ಉದ್ಯೋಗದ ತಾಣಕ್ಕೋ ಪಾವತಿಯ ತಾಣಕ್ಕೋ ಸೇರಿದ ವಿದ್ಯಾರ್ಥಿ, ಕೆಲಸ ಹುಡುಕುವ ಹೊತ್ತಿಗೆ ಸರಿಯಾಗಿ ಆ ಖಾತೆಯ ಹೊರಗೆ ನಿಲ್ಲುತ್ತಾನೆ.

ಮುಚ್ಚಿದ ಸಂಸ್ಥೆಗಳ ಕಥೆ ಇನ್ನೂ ಗಂಭೀರ. 2025ರ ಜನವರಿಯಲ್ಲಿ ಟ್ರಫಲ್ ಸೆಕ್ಯುರಿಟಿಯ ಡಿಲನ್ ಐರಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಬಾಗಿಲು ಹಾಕಿದ ಒಂದು ನವೋದ್ಯಮದ ಡೊಮೇನ್ ಹೆಸರು ಮಾರಾಟಕ್ಕಿತ್ತು. ಅದನ್ನು ಕೊಂಡು, ಹಳೆಯ ನೌಕರರ ಇಮೇಲ್‌ಗಳನ್ನು ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಹೊಸದಾಗಿ ಸೃಷ್ಟಿಸಿ, ಗೂಗಲ್ ಗುಂಡಿ ಒತ್ತಿದಾಗ ಆ ನೌಕರರು ಬಳಸುತ್ತಿದ್ದ ಹಲವು ಸೇವೆಗಳು ತೆರೆದುಕೊಂಡವು. ಸ್ಲ್ಯಾಕ್, ಜೂಮ್‌ನಂಥ ಸೇವೆಗಳಿದ್ದವು, ಸಿಬ್ಬಂದಿಯ ವೈಯಕ್ತಿಕ ದಾಖಲೆಗಳಿರುವ ತಂತ್ರಾಂಶಗಳೂ ಇದ್ದವು. ಹೊಸದಾಗಿ ಸೃಷ್ಟಿಸಿದ ಖಾತೆಯ `sub` ಹಳೆಯದಲ್ಲ. ಇಮೇಲ್ ಮತ್ತು ಡೊಮೇನ್ ನೋಡಿ ಬಿಡುತ್ತಿದ್ದ ತಾಣಗಳು ಅದನ್ನು ಗಮನಿಸಲಿಲ್ಲ.

`sub` ನೋಡಿದ್ದರೆ ಎಲ್ಲವೂ ಸರಿಯಿರುತ್ತಿತ್ತೇ? ಗೂಗಲ್ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಆದರೆ ಡೊಮೇನ್ ಕೊಂಡವರಿಗೆ ಆ ವಿಳಾಸಗಳಿಗೆ ಬರುವ ಮೇಲ್‌ಗಳೂ ಸೇರುತ್ತವೆ. ಅವರು ‘ಪಾಸ್‌ವರ್ಡ್ ಮರೆತಿರಾ?’ ಒತ್ತಿದರೆ ಕೊಂಡಿ ಅವರಿಗೇ ಬರುತ್ತದೆ. ಒಂದು ಬಾಗಿಲನ್ನು ಸರಿಪಡಿಸಿ ಇನ್ನೊಂದನ್ನು ಇಮೇಲ್‌ನ ಭರವಸೆಗೆ ಬಿಟ್ಟರೆ ಸಿಗುವ ಫಲ ಇಷ್ಟೇ. ಹಾಗಾಗಿ ಮಹತ್ವದ ಮಾಹಿತಿ ಇಟ್ಟುಕೊಳ್ಳುವ ಸೇವೆಗಳು ಇಮೇಲ್ ಕೊಂಡಿಯ ಜೊತೆಗೆ ಎರಡನೆಯ ಪುರಾವೆ ಕೇಳಬೇಕು: ಮೊದಲೇ ಕೊಟ್ಟ ಮರುಪ್ರವೇಶ ಸಂಕೇತ, ನೋಂದಾಯಿತ ಫೋನ್, ಇಲ್ಲವೇ ಸಾಧನದಲ್ಲೇ ಇರುವ ಪಾಸ್‌ಕೀ. ಸಂಸ್ಥೆ ಮುಚ್ಚುವವರು ಡೊಮೇನ್ ಬಿಡುವ ಮುನ್ನ ಆ ಸೇವೆಗಳಲ್ಲಿರುವ ಖಾತೆಗಳನ್ನೂ ಮುಚ್ಚಬೇಕು.

ಗೂಗಲ್ ಖಾತೆ ಕಳೆದುಕೊಂಡವರು ಸಹಾಯವಾಣಿಗೆ ಬರೆದು ತಾವೇ ಆ ವ್ಯಕ್ತಿ ಎಂದು ಹೇಳಿದಾಗ ಏನು ಮಾಡಬೇಕು ಎಂಬುದನ್ನೂ ತಾಣ ಮೊದಲೇ ಗೊತ್ತು ಮಾಡಿಕೊಂಡಿರಬೇಕು. ಹುಟ್ಟಿದ ದಿನಾಂಕ, ಊರಿನ ಹೆಸರುಗಳಂಥ ಸುಲಭವಾಗಿ ಸಿಗುವ ವಿವರ ಕೇಳಿ ಇಮೇಲ್ ಬದಲಿಸಿಕೊಡುವ ಸಿಬ್ಬಂದಿ ಇದ್ದರೆ ಮೇಲಿನ ಎಲ್ಲ ಸಹಿ, ಹ್ಯಾಶ್, ಕೊಂಡಿಗಳ ಶ್ರಮ ವ್ಯರ್ಥ. ಹಳೆಯ ಇಮೇಲ್‌ಗೆ ಸುದ್ದಿ ಕಳಿಸಿ, ಕೆಲವು ದಿನ ಕಾದು, ಯಾರೂ ಆಕ್ಷೇಪಿಸದಿದ್ದರೆ ಮಾತ್ರ ಬದಲಿಸುವುದು ಹೆಚ್ಚು ಸುರಕ್ಷಿತ. ನಿಜವಾದ ಒಡೆಯರಿಗೆ ಇದರಿಂದ ತಡವಾಗುತ್ತದೆ, ಆದರೆ ಕಳ್ಳರ ಕೆಲಸ ಬಯಲಾಗಲು ಸಮಯ ಸಿಗುತ್ತದೆ.

ನಂಟು ಬಿಡಿಸುವಾಗ

ಜೋಡಿಸಿದ್ದನ್ನು ಬಿಡಿಸುವ ಗುಂಡಿಯೂ ಬೇಕು. ಅದರ ಹಿಂದೆ ಒಂದು ನಿಯಮ ಇರಲೇಬೇಕು: ಕೊನೆಯ ದಾರಿಯನ್ನು ಅಳಿಸಲು ಬಿಡಬಾರದು. ಪಾಸ್‌ವರ್ಡ್ ಇಲ್ಲದವರು ಗೂಗಲ್ ನಂಟು ಕಡಿಯಲು ಹೊರಟರೆ, ಮೊದಲು ಪಾಸ್‌ವರ್ಡ್ ಇಟ್ಟುಕೊಳ್ಳಿ ಎಂದು ತಾಣ ಹೇಳಬೇಕು.

ಗೂಗಲ್‌ನ ಕಡೆಯಿಂದ ಯಾರಾದರೂ ನಂಟು ಕಡಿದರೆ ತಾಣದಲ್ಲಿ ಈಗಾಗಲೇ ತೆರೆದಿರುವ ಸೆಷನ್ ತಾನಾಗಿಯೇ ಮುಚ್ಚುವುದಿಲ್ಲ ಎಂಬುದು ಅನೇಕರಿಗೆ ತಿಳಿದಿಲ್ಲ. ಐಡಿ ಟೋಕನ್ನಿನ ಕೆಲಸ ಬಾಗಿಲಿನವರೆಗೆ ಮಾತ್ರ. ಒಳಗೆ ಬಂದ ಮೇಲೆ ನಡೆಯುವುದು ತಾಣದ್ದೇ ಕುಕಿಯ ಮೇಲೆ. ಗೂಗಲ್ ಖಾತೆಯೇ ಕಳ್ಳರ ಪಾಲಾದರೂ ಇದೇ ಸ್ಥಿತಿ. ಈ ಕೊರತೆ ತುಂಬಲು ಗೂಗಲ್ ಒಂದು ಸೇವೆ ಇಟ್ಟಿದೆ. ತಾಣವು ನೋಂದಾಯಿಸಿಕೊಂಡರೆ, ಬಳಕೆದಾರರ ಗೂಗಲ್ ಖಾತೆ ನಿಷ್ಕ್ರಿಯಗೊಂಡಾಗ ಅಥವಾ ಅದರ ಸೆಷನ್‌ಗಳನ್ನೆಲ್ಲ ರದ್ದು ಮಾಡಿದಾಗ ಸಹಿ ಮಾಡಿದ ಸಂದೇಶ ಬರುತ್ತದೆ. ಅದನ್ನು ಓದಿ ತಾಣ ತನ್ನ ಸೆಷನ್‌ಗಳನ್ನೂ ಮುಚ್ಚಬಹುದು.

ಓದುಗರು ಇಂದೇ ಮಾಡಬಹುದಾದ ಕೆಲವು ಕೆಲಸಗಳಿವೆ. `myaccount.google.com/connections` ಪುಟ ತೆರೆದು ತಮ್ಮ ಗೂಗಲ್ ಖಾತೆ ಯಾವ ಯಾವ ತಾಣಗಳಿಗೆ ಜೋಡಣೆಯಾಗಿದೆ ಎಂದು ನೋಡಿಕೊಳ್ಳಿ. ಅವುಗಳಲ್ಲಿ ಹಣಕ್ಕೆ, ಉದ್ಯೋಗಕ್ಕೆ, ಆರೋಗ್ಯಕ್ಕೆ ಸಂಬಂಧಪಟ್ಟ ತಾಣಗಳಿಗೆ ಜಿಮೇಲ್ ಹೊರತಾದ ಇನ್ನೊಂದು ದಾರಿಯನ್ನೂ ಇಟ್ಟುಕೊಳ್ಳಿ. ಕಾಲೇಜು ಅಥವಾ ಕಚೇರಿ ಬಿಡುವ ಮುನ್ನ ಅಲ್ಲಿನ ಇಮೇಲ್‌ಗೆ ಅಂಟಿದ ಖಾತೆಗಳನ್ನು ಸ್ವಂತ ವಿಳಾಸಕ್ಕೆ ಬದಲಿಸಿಕೊಳ್ಳಿ. ನೀವು ಕೇಳದ ತಾಣದಿಂದ ‘ನಿಮ್ಮ ಇಮೇಲ್ ದೃಢಪಡಿಸಿ’ ಎಂಬ ಮೇಲ್ ಬಂದರೆ ಅದರ ಕೊಂಡಿ ಒತ್ತಬೇಡಿ, ಆದರೆ ತಾಣದ ಹೆಸರನ್ನು ನೆನಪಿಟ್ಟುಕೊಳ್ಳಿ. ಮುಂದೆ ಎಂದಾದರೂ ಅಲ್ಲಿ ಖಾತೆ ತೆರೆಯಬೇಕಾಗಿ ಬಂದರೆ ಮೊದಲು ಪಾಸ್‌ವರ್ಡ್ ಮರುಹೊಂದಿಸಿ, ಎಲ್ಲ ಸಾಧನಗಳಿಂದ ಲಾಗ್ ಔಟ್ ಮಾಡಿ, ಜೋಡಣೆಯಾಗಿರುವ ಖಾತೆಗಳ ಪಟ್ಟಿ ನೋಡಿ, ಆಮೇಲೆ ನಿಮ್ಮ ವಿಳಾಸವನ್ನೂ ಕಾರ್ಡನ್ನೂ ಕೊಡಿ.